ಮೀಟಿಂಗ್ ಮುಗಿದ ಕೂಡಲೇ ಆಕೆಯ ಮೆಸೇಜ್ ಬರುತ್ತದೆ: ಅದು ಇಷ್ಟದ ಸೂಚನೆಯೇ?

‘ನಿಮ್ಮ ಸಹೋದ್ಯೋಗಿಗೆ ನಿಮ್ಮ ಮೇಲೆ ಮನಸ್ಸಿದೆಯೇ? ಈ ಏಳು ಲಕ್ಷಣ ನೋಡಿ’ ಎಂಬ ಬಗೆಯ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ವಿಡಿಯೊ ಕಾಲ್‌ನಲ್ಲಿ ನಿಮ್ಮನ್ನೇ ನೋಡುತ್ತಾರೆ, ನೀವು ಮಾತಾಡಿದಾಗ ನಗುತ್ತಾರೆ, ಮೀಟಿಂಗ್ ಮುಗಿದ ತಕ್ಷಣ ಖಾಸಗಿಯಾಗಿ ಮೆಸೇಜ್ ಮಾಡುತ್ತಾರೆ ಎಂಬುವು ಆ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಕೆಲವು ತಿಂಗಳ ಹಿಂದೆ ಇಂಥದ್ದೇ ಒಂದು ಪಟ್ಟಿಯನ್ನು ಹಾಸನದ ಗೆಳೆಯನೊಬ್ಬ ನನಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದ: ‘ಏಳರಲ್ಲಿ ಐದು ಮ್ಯಾಚ್ ಆಗ್ತಿದೆ. ನೀನು ಕಮ್ಯುನಿಕೇಶನ್ ಓದಿದ್ದೀಯಲ್ಲ, ಹೇಳು.’

ಅವನು ಮನೆಯಿಂದಲೇ ಕೆಲಸ ಮಾಡುವವನು. ತಂಡದಲ್ಲಿ ಹನ್ನೊಂದು ಜನ, ಎಲ್ಲರೂ ಬೇರೆ ಬೇರೆ ಊರಿನಲ್ಲಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ವಿಡಿಯೊ ಮೀಟಿಂಗ್. ಅದು ಮುಗಿದು ಐದು-ಹತ್ತು ನಿಮಿಷದೊಳಗೆ ಹುಬ್ಬಳ್ಳಿಯಲ್ಲಿರುವ ಸಹೋದ್ಯೋಗಿಯೊಬ್ಬಳ ಮೆಸೇಜ್ ಬರುತ್ತಿತ್ತು. ‘ಯಾಕ್ರಿ, ಇವತ್ತ ಭಾಳ ಸುಮ್ನಿದ್ರಿ?’ ‘ಸರ್ ಮಾರಿ ನೋಡಿದ್ರೇನ್ರಿ?’ ಹಾಗೆ ಶುರುವಾದ ಮಾತು ಕಾಲು ಗಂಟೆ ನಡೆಯುತ್ತಿತ್ತು. ಇಬ್ಬರೂ ಎದುರೆದುರು ಭೇಟಿಯಾಗಿರಲೇ ಇಲ್ಲ. ಗೆಳೆಯ ಮಾತ್ರ ಆಗಲೇ ಹುಬ್ಬಳ್ಳಿಗೆ ಬಸ್ ಟಿಕೆಟ್ ಬುಕ್ ಮಾಡಿ, ಆಕೆಗೆ ಹೇಳದೆ ಹೋಗಿ ಅಚ್ಚರಿ ಕೊಡುವ ಯೋಚನೆಯಲ್ಲಿದ್ದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ತಲೆಯೂ ಕೆಟ್ಟಿರಲಿಲ್ಲ. ಅವನು ಕಂಡದ್ದೆಲ್ಲ ನಿಜವಾಗಿಯೂ ತೆರೆಯ ಮೇಲೆ ಕಂಡದ್ದೇ. ಆದರೆ ತೆರೆಯ ಮೇಲೆ ಕಂಡದ್ದರಲ್ಲಿ ಎಷ್ಟು ಆಕೆಯಿಂದ ಬಂದದ್ದು, ಎಷ್ಟು ತೆರೆಯೇ ಹುಟ್ಟಿಸಿದ್ದು ಎಂದು ಬಿಡಿಸಿ ನೋಡಬೇಕಿತ್ತು.

‘ನನ್ನನ್ನೇ ನೋಡ್ತಾಳೆ’ ಎಂಬುದರ ಲೆಕ್ಕ

ಮೊದಲು ಕಣ್ಣಿನ ವಿಷಯ. ಲ್ಯಾಪ್‌ಟಾಪಿನ ಕ್ಯಾಮೆರಾ ಸಾಮಾನ್ಯವಾಗಿ ತೆರೆಯ ಮೇಲಂಚಿನಲ್ಲಿರುತ್ತದೆ. ಎದುರಿನವರು ನಮ್ಮ ಕಣ್ಣಲ್ಲಿ ಕಣ್ಣಿಟ್ಟಂತೆ ಕಾಣಬೇಕಾದರೆ ಅವರು ಕ್ಯಾಮೆರಾ ನೋಡಬೇಕು, ನಮ್ಮ ಮುಖವನ್ನಲ್ಲ. ನಮ್ಮ ಮುಖವನ್ನೇ ಆಸೆಯಿಂದ ನೋಡುತ್ತಿದ್ದರೆ ನಮಗೆ ಅವರು ಕೆಳಗೆಲ್ಲೋ ನೋಡಿದಂತೆ ಕಾಣುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಲ್ಟನ್ ಚೆನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೋಟ ಕ್ಯಾಮೆರಾದ ಪಕ್ಕಕ್ಕೋ ಮೇಲಕ್ಕೋ ಸ್ವಲ್ಪ ಸರಿದರೂ ನಮಗೆ ತಟ್ಟನೆ ಗೊತ್ತಾಗುತ್ತದೆ. ಕೆಳಕ್ಕೆ ಸರಿದರೆ ಮಾತ್ರ ಸುಮಾರು ಐದು ಡಿಗ್ರಿಯವರೆಗೆ ನಾವು ಅದನ್ನು ನೇರ ನೋಟವೆಂದೇ ಒಪ್ಪಿಕೊಳ್ಳುತ್ತೇವೆ. ತೆರೆಯಿಂದ 55 ಸೆಂಟಿಮೀಟರ್ ದೂರದಲ್ಲಿ ಕೂತವರಿಗೆ ಐದು ಡಿಗ್ರಿ ಎಂದರೆ ಹೆಚ್ಚುಕಡಿಮೆ ಐದು ಸೆಂಟಿಮೀಟರ್. ಅಂದರೆ ತೆರೆಯ ಮೇಲ್ಭಾಗದ ಐದು ಸೆಂಟಿಮೀಟರ್ ಪಟ್ಟಿಯಲ್ಲಿ, ಕ್ಯಾಮೆರಾದ ನೇರ ಕೆಳಗೆ ಏನನ್ನು ನೋಡುತ್ತಿದ್ದರೂ ಆಕೆ ನಿಮ್ಮ ಕಣ್ಣನ್ನೇ ನೋಡುತ್ತಿರುವಂತೆ ಕಾಣುತ್ತದೆ. ಆ ಜಾಗದಲ್ಲಿ ಮ್ಯಾನೇಜರ್ ಮುಖ ಇರಬಹುದು, ಬ್ರೌಸರ್‌ನ ಟ್ಯಾಬ್‌ಗಳಿರಬಹುದು, ಬಹಳ ಸಲ ಆಕೆಯದೇ ಮುಖ ಇರುತ್ತದೆ. ಕಾಲ್‌ನಲ್ಲಿ ನಾವೆಲ್ಲ ನಮ್ಮನ್ನೇ ಎಷ್ಟು ನೋಡಿಕೊಳ್ಳುತ್ತೇವೆ ಎಂಬುದು ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿ.

ಇನ್ನೂ ಒಂದು ವಿಷಯ ಗೆಳೆಯನಿಗೆ ಹೊಳೆದಿರಲಿಲ್ಲ. ಆಕೆಯ ಕ್ಯಾಮೆರಾ ಒಂದೇ. ಅದರಿಂದ ಹೊರಟ ಚಿತ್ರವೇ ಹತ್ತೂ ಜನರಿಗೆ ಹೋಗುತ್ತದೆ. ಕೋಣೆಯಲ್ಲಿ ಒಬ್ಬರು ನನ್ನನ್ನು ನೋಡಿದರೆ ಪಕ್ಕದವನಿಗೆ ಅವರ ಕೆನ್ನೆ ಕಾಣುತ್ತದೆ. ವಿಡಿಯೊ ಕಾಲ್‌ನಲ್ಲಿ ಹಾಗಲ್ಲ: ಆಕೆ ನನ್ನನ್ನು ನೋಡಿದಂತೆ ಕಂಡ ಕ್ಷಣದಲ್ಲೇ ಉಳಿದ ಒಂಬತ್ತು ಜನರಿಗೂ ತಮ್ಮನ್ನೇ ನೋಡಿದಂತೆ ಕಾಣುತ್ತದೆ. ಗೋಡೆಯ ಮೇಲಿನ ಫೋಟೊದಲ್ಲಿರುವ ಅಜ್ಜ ಎಲ್ಲಿ ಕೂತವರನ್ನೂ ದಿಟ್ಟಿಸುವ ಹಾಗೆ. ಇನ್ನು ಮುಖಗಳ ಚೌಕಗಳು ಎಲ್ಲರ ತೆರೆಯಲ್ಲೂ ಒಂದೇ ಕ್ರಮದಲ್ಲಿರುವುದಿಲ್ಲ. ಹಾಗಾಗಿ ‘ಎಡಗಡೆ ನೋಡಿದಳು, ನಾನು ಇರುವುದು ಎಡಗಡೆ’ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ನಿಮ್ಮ ತೆರೆಯಲ್ಲಿ ನೀವು ಎಡಗಡೆ ಇದ್ದೀರಿ, ಅಷ್ಟೇ.

ನಗುವಿನದೂ ಇದೇ ಕತೆ. ನೀವು ಮಾತಾಡುವಾಗ ಆಕೆ ನಕ್ಕಳು ಸರಿ. ಆದರೆ ಆ ಹೊತ್ತಿಗೆ ಆಕೆಯ ಚಾಟ್‌ನಲ್ಲಿ ಯಾರು ಏನು ಬರೆದಿದ್ದರೋ ನಿಮಗೆ ಕಾಣುವುದಿಲ್ಲ.

ಚಾಟ್ ಯಾಕೆ ಇಷ್ಟು ಬೆಚ್ಚಗೆ ಅನಿಸುತ್ತದೆ

ಇಷ್ಟು ಹೇಳಿದಾಗ ಗೆಳೆಯ ಕೇಳಿದ: ‘ಕಣ್ಣು ಬಿಡು. ಮೆಸೇಜ್ ಸುಳ್ಳಾ? ಅದು ನನಗೊಬ್ಬನಿಗೇ ಬರೆದಿದ್ದು.’

ಮೆಸೇಜ್ ಸುಳ್ಳಲ್ಲ. ಸಂವಹನ ಓದಿದವರಿಗೆಲ್ಲ ಪರಿಚಿತ ಹೆಸರು ಜೋಸೆಫ್ ವಾಲ್ಥರ್. 1996ರಲ್ಲಿ ಅವರೊಂದು ವಾದ ಮುಂದಿಟ್ಟರು: ಕಂಪ್ಯೂಟರ್ ಮೂಲಕ ನಡೆಯುವ ಮಾತುಕತೆ ಮುಖಾಮುಖಿಗಿಂತ ಸಪ್ಪೆ ಎಂದು ಎಲ್ಲರೂ ತಿಳಿದಿದ್ದಾರೆ, ಆದರೆ ಕೆಲವೊಮ್ಮೆ ಅದು ಮುಖಾಮುಖಿಗಿಂತಲೂ ಹೆಚ್ಚು ಆತ್ಮೀಯವಾಗುತ್ತದೆ. ಇದನ್ನು ಅವರು ಹೈಪರ್‌ಪರ್ಸನಲ್ ಸಂವಹನ ಎಂದು ಕರೆದರು. ಕಾರಣ ಸರಳ. ಬರೆಯುವವರಿಗೆ ಅಳಿಸಿ ತಿದ್ದಲು ಸಮಯವಿದೆ, ಹಾಗಾಗಿ ತಮ್ಮ ಒಳ್ಳೆಯ ಮುಖವನ್ನೇ ಕಳಿಸುತ್ತಾರೆ. ಓದುವವರಿಗೆ ಆ ಮನುಷ್ಯರ ಆಕಳಿಕೆ, ಅಸಡ್ಡೆ, ಸಿಡುಕು ಯಾವುದೂ ಕಾಣುವುದಿಲ್ಲ. ಕಾಣದ ಜಾಗವನ್ನೆಲ್ಲ ತಮಗೆ ಬೇಕಾದ ಬಣ್ಣದಿಂದ ತುಂಬಿಕೊಳ್ಳುತ್ತಾರೆ. ಹಾಗೆ ತುಂಬಿಕೊಂಡವರು ಮರುಉತ್ತರವನ್ನೂ ಅಷ್ಟೇ ಸಿಹಿಯಾಗಿ ಬರೆಯುತ್ತಾರೆ. ಅದನ್ನು ಓದಿದ ಆ ಕಡೆಯವರೂ ಇನ್ನಷ್ಟು ಸಿಹಿಯಾಗುತ್ತಾರೆ.

ವಾಲ್ಥರ್ ಮಾತಾಡಿದ್ದು ಬರೀ ಅಕ್ಷರದ ಸಂವಹನದ ಬಗ್ಗೆ. ಈಗಿನ ಮನೆ-ಕಚೇರಿಯಲ್ಲಿ ಇನ್ನೊಂದು ಸೇರಿದೆ ಎಂಬುದು ನನ್ನ ಅನಿಸಿಕೆ. ಹತ್ತೂವರೆಗೆ ವಿಡಿಯೊ ನಮಗೊಂದು ಮುಖ ಕೊಡುತ್ತದೆ, ಹನ್ನೊಂದಕ್ಕೆ ಚಾಟ್ ಒಂದು ಧ್ವನಿ ಕೊಡುತ್ತದೆ. ಎರಡನ್ನೂ ಅಂಟಿಸಿ ಒಬ್ಬ ಪೂರ್ಣ ವ್ಯಕ್ತಿಯನ್ನು ಮಾಡುವವರು ನಾವು.

ಇದಕ್ಕೆ ಹತ್ತಿರದ ಪ್ರಯೋಗವೊಂದನ್ನು ಎಲ್. ಕ್ರಿಸ್ಟಲ್ ಜಿಯಾಂಗ್, ನಟಾಲಿಯಾ ಬಝರೋವಾ, ಜೆಫ್ರಿ ಹ್ಯಾನ್‌ಕಾಕ್ 2011ರಲ್ಲಿ ಪ್ರಕಟಿಸಿದರು. ಅಪರಿಚಿತರೊಬ್ಬರು ತಮ್ಮ ಸ್ವಂತ ವಿಷಯ ಹೇಳಿಕೊಂಡರೆ ಎದುರು ಕೂತವರಿಗಿಂತ ಚಾಟ್‌ನಲ್ಲಿದ್ದವರಿಗೆ ಹೆಚ್ಚು ಆಪ್ತತೆ ಹುಟ್ಟಿತು. ಯಾಕೆ ಎಂದು ಕೆದಕಿದಾಗ ಸಿಕ್ಕ ಉತ್ತರ ಗಮನಿಸಬೇಕಾದದ್ದು: ಚಾಟ್‌ನಲ್ಲಿದ್ದವರು ‘ನಮ್ಮಿಬ್ಬರ ನಡುವೆ ಏನೋ ಇದೆ, ಅದಕ್ಕೇ ಹೇಳಿದರು’ ಎಂದುಕೊಂಡಿದ್ದರು. ‘ಇವರ ಸ್ವಭಾವವೇ ಹೀಗಿರಬಹುದು’ ಎಂಬ ಯೋಚನೆ ಅವರಿಗೆ ಅಷ್ಟಾಗಿ ಬರಲಿಲ್ಲ.

ಕಚೇರಿಯಲ್ಲಿ ಆಗಿದ್ದರೆ ಈ ಯೋಚನೆ ತಾನಾಗಿಯೇ ಬರುತ್ತಿತ್ತು. ಮೀಟಿಂಗ್ ಮುಗಿದ ಮೇಲೆ ಜನ ಹೊರಗೆ ಬರುತ್ತಾ ಪಿಸುಗುಡುತ್ತಾರೆ, ಚಹಾ ಯಂತ್ರದ ಹತ್ತಿರ ನಿಂತು ಮ್ಯಾನೇಜರನ್ನು ಅಣಕಿಸುತ್ತಾರೆ. ಆಕೆ ನಿಮ್ಮ ಜೊತೆ ನಕ್ಕು, ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಬ್ಬರ ಜೊತೆಯೂ ಅಷ್ಟೇ ನಗುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ವಿಡಿಯೊ ಮೀಟಿಂಗ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು, ಪಕ್ಕದವರ ಕಿವಿಯಲ್ಲಿ ಹೇಳುವಂತಿಲ್ಲ. ‘ಲೀವ್’ ಒತ್ತಿದರೆ ಕೋಣೆಯೇ ಮಾಯ. ಉಳಿದ ಮಾತೆಲ್ಲ ಹೋಗುವ ಜಾಗ ಖಾಸಗಿ ಚಾಟ್ ಒಂದೇ. ಅಲ್ಲಿ ಆಕೆ ನಿಮಗೆ ಬರೆದದ್ದು ಮಾತ್ರ ನಿಮಗೆ ಕಾಣುತ್ತದೆ. ಇನ್ನೂ ಯಾರಿಗೆ ಬರೆದಳು ಎಂಬುದು ಕಾಣುವುದಿಲ್ಲ. ಹತ್ತು ಜನರಲ್ಲಿ ಒಬ್ಬನಿಗೆ ಬರೆದರೆ ಅದಕ್ಕೊಂದು ಅರ್ಥ, ನಾಲ್ವರಿಗೆ ಬರೆದರೆ ಬೇರೆಯೇ ಅರ್ಥ. ಎರಡೂ ಸಂದರ್ಭದಲ್ಲಿ ನಿಮ್ಮ ಫೋನಿನಲ್ಲಿ ಕಾಣುವುದು ಒಂದೇ.

ಹಗ್ಗ, ಹಾವು ಮತ್ತು ನಮ್ಮ ಆಸೆ

ಕತ್ತಲಲ್ಲಿ ಹಗ್ಗ ಕಂಡು ಹಾವೆಂದು ಹಾರಿದರೆ ನಷ್ಟವೇನಿಲ್ಲ, ಹಾವನ್ನು ಹಗ್ಗವೆಂದು ತುಳಿದರೆ ಜೀವಕ್ಕೇ ಕುತ್ತು. ಆದ್ದರಿಂದ ಮನಸ್ಸು ಹಾರುವ ಕಡೆಗೇ ವಾಲುತ್ತದೆ. ಮಾರ್ಟಿ ಹ್ಯಾಸಲ್ಟನ್ ಮತ್ತು ಡೇವಿಡ್ ಬಸ್ 2000ದಲ್ಲಿ ಇದೇ ತರ್ಕವನ್ನು ಗಂಡು-ಹೆಣ್ಣಿನ ಆಸಕ್ತಿಗೆ ಅನ್ವಯಿಸಿದರು: ವಿಕಾಸದ ದೃಷ್ಟಿಯಲ್ಲಿ ಗಂಡಿಗೆ ಇಲ್ಲದ ಆಸಕ್ತಿಯನ್ನು ಇದೆ ಎಂದುಕೊಳ್ಳುವುದು ಅಗ್ಗದ ತಪ್ಪು, ಇರುವ ಆಸಕ್ತಿಯನ್ನು ಕಾಣದೆ ಹೋಗುವುದು ದುಬಾರಿ ತಪ್ಪು. ಅವರಿಗೂ ಮೊದಲು, 1982ರಲ್ಲಿ, ಆಂಟೋನಿಯಾ ಅಬ್ಬಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬ ಯುವಕ ಮತ್ತು ಒಬ್ಬ ಯುವತಿ ಐದು ನಿಮಿಷ ಮಾತಾಡಿದ್ದರು. ಇನ್ನೊಂದು ಜೋಡಿ ಮರೆಯಲ್ಲಿ ಕೂತು ಅದನ್ನು ನೋಡಿತ್ತು. ಮಾತಾಡಿದ ಯುವಕರೂ ನೋಡಿದ ಯುವಕರೂ ಆ ಯುವತಿಯ ಸ್ನೇಹಭಾವದಲ್ಲಿ ಯುವತಿಯರು ಕಂಡದ್ದಕ್ಕಿಂತ ಹೆಚ್ಚು ಆಕರ್ಷಣೆಯನ್ನು ಕಂಡರು.

ಇಲ್ಲಿಗೇ ನಿಲ್ಲಿಸಿ ‘ಗಂಡಸರೇ ಹೀಗೆ’ ಎಂದು ಇನ್ನೊಂದು ಫಾರ್ವರ್ಡ್ ಮಾಡಿಬಿಡಬಹುದು. ಆದರೆ 2020ರಲ್ಲಿ ಆಂಟನಿ ಲೀ ಮತ್ತು ಸಂಗಡಿಗರು, ಕೆಲವೇ ನಿಮಿಷ ಭೇಟಿಯಾಗುವ ಅಪರಿಚಿತ ಜೋಡಿಗಳ ಮಾಹಿತಿಯನ್ನು ಪರಿಶೀಲಿಸಿ ಬೇರೆ ವಿವರಣೆ ಕೊಟ್ಟರು. ತಪ್ಪಾಗಿ ಓದುವುದಕ್ಕೆ ಮುಖ್ಯ ಕಾರಣ ಗಂಡಾಗಿರುವುದಲ್ಲ, ಓದುವವರಿಗೇ ಆಸಕ್ತಿ ಇರುವುದು. ತಮ್ಮ ಮನಸ್ಸಿನಲ್ಲಿರುವುದನ್ನು ಎದುರಿನವರ ಮುಖದಲ್ಲಿ ಕಾಣುತ್ತಾರೆ. ಹಾಗಾದರೆ ಹೆಣ್ಣುಮಕ್ಕಳಿಗೂ ಈ ತಪ್ಪು ಆಗಬಹುದು. ಎರಡು ವರ್ಷದ ಹಿಂದೆ ನನ್ನ ಸಹಪಾಠಿಯೊಬ್ಬಳು ಚೆನ್ನೈನ ಸಹೋದ್ಯೋಗಿಯ ಪ್ರತಿ ಥಂಬ್ಸ್-ಅಪ್‌ಗೂ ಅರ್ಥ ಹುಡುಕುತ್ತಿದ್ದದ್ದು ನನಗೆ ನೆನಪಿದೆ. ನಾನು ಗೆಳೆಯನನ್ನು ನೇರವಾಗಿ ಕೇಳಿದೆ: ‘ನಿನಗೆ ಅವಳು ಇಷ್ಟನಾ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಬೇರೆ ವಿಷಯ’ ಅಂದ. ಅದೇ ವಿಷಯ ಆಗಿತ್ತು.

ಎಂಟು ವಾರದ ಚಾಟ್ ತೆರೆದು ನೋಡಿದಾಗ

ಒಂದು ಭಾನುವಾರ ನಾವಿಬ್ಬರೂ ಫೋನಿನಲ್ಲಿ ಮಾತಾಡುತ್ತಾ ಲೆಕ್ಕಕ್ಕೆ ಕೂತೆವು. ಅವನು ಚಾಟ್ ತೆರೆದು ದಿನಾಂಕ, ಸಮಯ, ವಿಷಯ ಅಷ್ಟನ್ನೇ ಹೇಳಬೇಕು, ನಾನು ಕಾಗದದ ಮೇಲೆ ಗೀಟು ಹಾಕಬೇಕು. ಆಕೆ ಬರೆದದ್ದನ್ನೆಲ್ಲ ನಾನು ಓದುವುದು ಸರಿಯಲ್ಲ ಎಂದು ಮೊದಲೇ ಒಪ್ಪಂದವಾಗಿತ್ತು.

ಎಂಟು ವಾರದಲ್ಲಿ 24 ಮೀಟಿಂಗ್ ನಿಗದಿಯಾಗಿದ್ದವು. ಒಂದು ದಿನ ಹಬ್ಬದ ರಜೆ, ಎರಡು ದಿನ ಮ್ಯಾನೇಜರ್ ರಜೆ. ಹಾಗಾಗಿ ನಡೆದದ್ದು 21. ಅದರಲ್ಲಿ 19 ಸಲ ಮೀಟಿಂಗ್ ಆದ ಮೇಲೆ ಆಕೆಯೇ ಮೊದಲು ಬರೆದಿದ್ದಳು. ‘ನೋಡಿದ್ಯಾ?’ ಅಂದ ಗೆಳೆಯ.

‘ಮೀಟಿಂಗ್ ನಡೆಯದ ಆ ಮೂರು ದಿನ?’

ಅವನು ಹುಡುಕಿದ. ಮೂರೂ ದಿನ ಒಂದೂ ಮೆಸೇಜ್ ಇರಲಿಲ್ಲ. ಮಂಗಳವಾರ, ಗುರುವಾರ, ವಾರಾಂತ್ಯ ಎಲ್ಲ ಸೇರಿ ಎಂಟು ವಾರದಲ್ಲಿ ಎರಡೇ ಎರಡು; ಎರಡೂ ಯಾವುದೋ ಫೈಲಿನ ಲಿಂಕ್ ಕೇಳಿದ್ದು.

ಫಾರ್ವರ್ಡ್ ಪಟ್ಟಿಗಳು ಎಡವುವುದು ಇಲ್ಲೇ. ಎಷ್ಟು ಸಲ ಮೆಸೇಜ್ ಬಂತು ಎಂದು ಎಣಿಸುತ್ತವೆ, ಯಾವಾಗ ಬರಲಿಲ್ಲ ಎಂದು ಕೇಳುವುದಿಲ್ಲ. ಆಕೆಗೆ ಮೆಸೇಜ್ ಮಾಡಬೇಕೆನಿಸುವುದು ಅವನ ನೆನಪಾದಾಗ ಎಂದಾದರೆ ಮೀಟಿಂಗ್ ಇಲ್ಲದ ದಿನವೂ ಒಂದಾದರೂ ಬರಬೇಕಿತ್ತು. ಮೀಟಿಂಗ್ ಇದ್ದಾಗ ತಪ್ಪದೆ ಬಂದು, ಇಲ್ಲದಾಗ ಪೂರ್ತಿ ನಿಂತರೆ ಮೆಸೇಜಿನ ಕಾರಣ ಮೀಟಿಂಗ್ ಎಂದೇ ಹೇಳಬೇಕಾಗುತ್ತದೆ. ರದ್ದಾದ ಮೀಟಿಂಗ್ ಎಂಬುದು ನಾವು ಏರ್ಪಡಿಸದೆಯೇ ಸಿಕ್ಕ ಪ್ರಯೋಗ. ಮೂರು ದಿನ ಎಂಬುದು ಚಿಕ್ಕ ಸಂಖ್ಯೆ, ಅದರ ಮೇಲೆ ಪ್ರಬಂಧ ಬರೆಯಲಾಗದು. ಬಸ್ ಹತ್ತುವ ಮೊದಲು ಯೋಚಿಸಲು ಮಾತ್ರ ಸಾಕು.

ಆಮೇಲೆ ವಿಷಯ. 19ರಲ್ಲಿ 11 ಸಲ ಮೀಟಿಂಗ್‌ನಲ್ಲಿ ಯಾರು ಏನೆಂದರು ಎಂಬ ಹರಟೆ. ಐದು ಸಲ ಕೆಲಸದ ಅನುಮಾನ. ಮೂರು ಸಲ ಸ್ವಂತ ವಿಷಯ: ಒಮ್ಮೆ ಆಕೆಗೆ ತಲೆನೋವು, ಒಮ್ಮೆ ಅಕ್ಕನ ಮದುವೆ, ಒಮ್ಮೆ ‘ಊಟ ಆತೇನ್ರಿ?’ ಈ ಲೆಕ್ಕಕ್ಕೆ ಮೊದಲು ಅವನು ನನಗೆ ಹೇಳಿದ್ದ ಉದಾಹರಣೆಗಳೆಲ್ಲ ಈ ಮೂರರಿಂದಲೇ ಬಂದಿದ್ದವು. ಉಳಿದ ಹದಿನಾರು ಅವನ ನೆನಪಿನಲ್ಲೇ ಇರಲಿಲ್ಲ. ಊಟ ಆಯಿತೇ ಎಂಬುದನ್ನು ನಮ್ಮಲ್ಲಿ ಕೊರಿಯರ್‌ನವರನ್ನೂ ಕೇಳುತ್ತೇವೆ.

ನಗು ಬರಿಸಿದ್ದು ಇನ್ನೊಂದು. ‘ಮಾತಿಗೆ ಮೊದಲು ರೀ ರೀ ಅಂತಾಳೆ’ ಎಂಬುದೂ ಅವನ ಐದು ಲಕ್ಷಣಗಳಲ್ಲಿ ಸೇರಿತ್ತು! ಹಾಸನ, ಮೈಸೂರಿನ ಮನೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಹಳೆಯ ಸಿನಿಮಾಗಳಲ್ಲಿ, ‘ರೀ’ ಎಂದರೆ ಹೆಂಡತಿ ಗಂಡನನ್ನು ಕರೆಯುವ ದನಿ. ಹುಬ್ಬಳ್ಳಿ ಕಡೆ ಅದು ಎಲ್ಲರಿಗೂ ಸಲ್ಲುವ ಮರ್ಯಾದೆ. ಆಟೋದವರಿಗೂ ‘ಬರ್ರಿ’, ಬ್ಯಾಂಕಿನವರಿಗೂ ‘ಹೌದ್ರಿ’. ಎದುರಿಗಿದ್ದು ನಾಲ್ಕು ದಿನ ಆ ಊರಿನ ಮಾತು ಕೇಳಿದ್ದರೆ ಅವನಿಗೇ ತಿಳಿಯುತ್ತಿತ್ತು.

ಹಾಗಂತ ಇಂಥ ಮೆಸೇಜ್‌ಗಳಲ್ಲಿ ಇಷ್ಟ ಇರುವುದೇ ಇಲ್ಲ ಎಂದು ನಾನು ಹೇಳಲಾರೆ. ಮೀಟಿಂಗ್ ನೆಪವಿಲ್ಲದೆ ಮಾತು ಶುರುವಾಗುತ್ತಿದ್ದರೆ, ನೀವು ಹೇಳಿದ ಸಣ್ಣ ವಿಷಯವನ್ನು ಎರಡು ವಾರ ಬಿಟ್ಟು ತಾನಾಗಿ ಕೇಳಿದರೆ, ಕಚೇರಿಯ ಆ್ಯಪ್ ಬಿಟ್ಟು ಬೇರೆ ಕಡೆ ಮಾತಾಡೋಣ ಎಂದು ಆ ಕಡೆಯಿಂದಲೇ ಬಂದರೆ ಲೆಕ್ಕ ಬೇರೆಯಾಗಬಹುದು. ಇನ್ನೊಂದು ಸಾಧ್ಯತೆಯೂ ಇದೆ, ಇದನ್ನು ಜನ ಒಪ್ಪಿಕೊಳ್ಳುವುದು ಕಡಿಮೆ: ಆಕೆಗೆ ಆ ಕಾಲು ಗಂಟೆಯ ಹರಟೆ ನಿಜವಾಗಿಯೂ ಇಷ್ಟ, ಅದು ಅಷ್ಟಕ್ಕೇ ಇಷ್ಟ. ತೆರೆಯಲ್ಲಿ ಹುಟ್ಟಿ ತೆರೆಯಲ್ಲೇ ಮುಗಿಯುವ ಸ್ನೇಹ. ಅದು ನಟನೆಯಲ್ಲ, ಪ್ರೀತಿಯ ಮೊದಲ ಮೆಟ್ಟಿಲೂ ಅಲ್ಲ. ಇವುಗಳಲ್ಲಿ ಯಾವುದು ಎಂದು ಚಾಟ್ ಓದಿಯೇ ಹೇಳಲು ಯಾರಿಂದಲೂ ಆಗದು, ನನ್ನ ಗೀಟುಗಳಿಂದಲೂ ಆಗದು. ಕೇಳಿಯೇ ತಿಳಿಯಬೇಕು.

ಹೇಳದೆ ಊರಿಗೆ ಹೋಗಿ ನಿಲ್ಲುವುದು ಕೇಳುವುದಲ್ಲ. ಇದು ಕೆಲಸದ ಜಾಗ. ಆಕೆ ದಿನವೂ ಆ ತಂಡದಲ್ಲೇ ಇರಬೇಕು. 2013ರ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ನೋಡುವುದು ಆ ನಡವಳಿಕೆ ಎದುರಿನವರಿಗೆ ಬೇಡವಾಗಿತ್ತೇ ಎಂಬುದನ್ನು. ‘ನನಗೆ ಹಾಗನಿಸಿತು’ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ಒಂದೇ ಸಲ, ಇಲ್ಲ ಎನ್ನಲು ಸುಲಭವಾಗುವ ಹಾಗೆ ಕೇಳಬೇಕು. ಇಲ್ಲ ಎಂದರೂ, ಉತ್ತರ ಜಾರಿಸಿದರೂ, ಅಲ್ಲಿಗೆ ಬಿಡಬೇಕು. ಕೇಳುವವರು ಆಕೆಯ ಮೇಲಧಿಕಾರಿ ಆಗಿದ್ದರೆ ಕೇಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲ ಎನ್ನುವುದು ಅಲ್ಲಿ ಸುಲಭವಲ್ಲ.

ಗೆಳೆಯ ಟಿಕೆಟ್ ರದ್ದು ಮಾಡಿದ. ಮರುವಾರ ಒಂದು ಮಂಗಳವಾರ, ಮೀಟಿಂಗ್ ಇಲ್ಲದ ದಿನ, ತಾನೇ ಬರೆದ: ‘ಕೆಲಸದ ವಿಷಯ ಅಲ್ಲ. ಬಿಡುವಿದ್ದಾಗ ಒಂದು ಸಲ ಫೋನಿನಲ್ಲಿ ಮಾತಾಡೋಣವಾ? ಬೇಡ ಅಂದ್ರೂ ಏನೂ ಬೇಜಾರಿಲ್ಲ.’ ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ‘ಯಾಕ್ರಿ, ಏನರ ಪ್ರಾಬ್ಲಂ ಆಗೇತೇನು?’ ಸಂಜೆ ಆಕೆಯೇ ಫೋನ್ ಮಾಡಿದಳು. ಅವನು ಸುತ್ತಿಬಳಸಿ, ದಿನಾ ಮೀಟಿಂಗ್ ಆದಮೇಲೆ ಮಾತಾಡೋದು ಚೆನ್ನಾಗಿರುತ್ತೆ, ನಾನು ಬೇರೆ ಏನೋ ಅಂದುಕೊಳ್ಳಬಾರದಲ್ಲ, ಅಂದ. ಆಕೆ ಒಂದು ಕ್ಷಣ ಸುಮ್ಮನಾಗಿ ಆಮೇಲೆ ಹೇಳಿದಳಂತೆ: ‘ಒಬ್ಬಾಕಿನ ರೂಮಿನ್ಯಾಗ ಕುಂತು ತಲಿ ಕೆಡತೈತ್ರಿ. ಮೀಟಿಂಗ್ ಮುಗದ ಮ್ಯಾಲೆ ಯಾರ ಜೋಡಿನರ ನಾಕು ಮಾತಾಡ್ಬೇಕು ಅನಸ್ತೈತಿ. ನಿಮಗಷ್ಟ ಅಲ್ರಿ, ಇನ್ನೂ ಮೂರು ಮಂದಿಗೆ ಹಿಂಗ ಬರೀತೀನಿ.’

ಬುಧವಾರದ ಮೀಟಿಂಗ್ ಆದಮೇಲೆ ಮೆಸೇಜ್ ಬರಲಿಲ್ಲ. ಶುಕ್ರವಾರವೂ ಇಲ್ಲ. ಎಲ್ಲ ಹಾಳು ಮಾಡಿಕೊಂಡೆ ಎಂದು ಗೆಳೆಯ ನನಗೆ ಫೋನ್ ಮಾಡಿ ಗೋಳಾಡಿದ, ನೀನೇ ಕಾರಣ ಎಂದೂ ಸೇರಿಸಿದ. ಸೋಮವಾರ ಹನ್ನೊಂದು ಹತ್ತಕ್ಕೆ ಬಂತು: ‘ಸರ್ ಇವತ್ತ ಮ್ಯೂಟ್ ತಗೀದ ಹತ್ತು ನಿಮಿಷ ಮಾತಾಡಿದ್ರು, ನೋಡಿದ್ರೇನ್ರಿ?’ ಅವನು ನೋಡಿದ್ದ. ಇಬ್ಬರೂ ಕಾಲು ಗಂಟೆ ನಕ್ಕರಂತೆ.